ತಕ್ಕಡಿ ಎಲ್ಲಿ ನಿಲ್ಲುತ್ತೆ?

ಹುಣಸೂರಿನ ಟೀ ಅಂಗಡೀಲಿ ಹುಡುಗನೊಬ್ಬ ಕೇಳಿದ: "ಅಣ್ಣಾ, ಮರಕುಂಬಿ ಕೇಸಲ್ಲಿ 98 ಜನಕ್ಕೆ ಜೀವಾವಧಿ, ಮೂವರಿಗೆ ಮಾತ್ರ 5 ವರ್ಷ. ಯಾಕೆ?" ನಾನೂ ಮೊದಲು ಕರುಣೆ ತೋರಿಸಿದ್ರು ಅಂದ್ಕೊಂಡಿದ್ದೆ. ಅಲ್ಲ.

2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳ ಕೋರ್ಟ್ ಶಿಕ್ಷೆ ಕೊಡ್ತು. ಆ ಮೂವರೂ ಪರಿಶಿಷ್ಟರೇ, ಅವರಿಗೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಲ್ಲ.

2024ರ ಜುಲೈಗೆ ಮುಂಚೆ ಮನೆ ಸುಟ್ಟಿದ್ದಕ್ಕೆ ಬರೀ ಐಪಿಸಿ 436 ಇದ್ರೆ ಜೀವಾವಧಿ, ಇಲ್ಲಾ 10 ವರ್ಷದವರೆಗೆ ಜೈಲು. ಅಲ್ಲಿ ಜಡ್ಜ್ ತೂಗ್ತಾರೆ. ಒಂದು ತಟ್ಟೇಲಿ ಗುಂಪು ಕಟ್ಕೊಂಡು ಬಂದದ್ದು, ಇನ್ನೊಂದರಲ್ಲಿ ವಯಸ್ಸು, ಮೊದಲ ತಪ್ಪು, ನಂಬಿಕೊಂಡ ಸಂಸಾರ. ಆದ್ರೆ ದಲಿತರ ವಾಸದ ಮನೆ ಸುಟ್ಟ ಪರಿಶಿಷ್ಟರಲ್ಲದವರಿಗೆ ದೌರ್ಜನ್ಯ ಕಾಯ್ದೆಯ ಕಲಂ 3(2)ರ ನಾಲ್ಕನೇ ಉಪಕಲಂ ಹೇಳೋದು ಜೀವಾವಧಿ ಮತ್ತು ದಂಡ ಮಾತ್ರ. ಎರಡನೇ ತಟ್ಟೆಗೆ ಜಾಗವೇ ಇಲ್ಲ.

ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರದ ಗೆಳೆಯರೇ, ಇಂಥ ಕೇಸಾದ್ರೆ ಚಾರ್ಜ್‌ಶೀಟಲ್ಲಿ ಆ ಕಲಂ ಇದೆಯಾ ಮೊದಲು ನೋಡಿ. ಬಿಟ್ಟುಹೋಗಿದ್ರೆ, ತೀರ್ಪಿಗೆ ಮುಂಚೆಯೇ ತಕ್ಕಡಿ ವಾಲಿರುತ್ತೆ.