ಪರ್ತ್ ಅಕ್ಕನ ಡಾಲರ್, ಅಬುಧಾಬಿ ಚಿಕ್ಕಪ್ಪನ ದಿರ್ಹಮ್

ಬಜಪೆಯಲ್ಲಿ ವಿಮಾನ ನಿಲ್ದಾಣ ಇರುವುದಕ್ಕೋ ಏನೋ, ನಮ್ಮಲ್ಲಿ ಮಳೆಯ ಸುದ್ದಿಯಷ್ಟೇ ಸಲೀಸಾಗಿ ‘ರೇಟ್’ ಸುದ್ದಿಯೂ ಬರುತ್ತದೆ. ಇಲ್ಲಿ ರೇಟ್ ಅಂದರೆ ದಿರ್ಹಮ್ ರೇಟ್. “ಕಚ್ಚಾ ತೈಲ ಏರಿತಂತೆ, ಇನ್ನು ದಿರ್ಹಮ್ ಕೂಡ ಏರ್ತದೆ ನೋಡು ಮಾರಾಯ” ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ತೈಲ ಮಾರುವ ದೇಶದ ಹಣ ತೈಲದ ಜೊತೆ ಏರಬೇಕು ಎಂಬುದು ನ್ಯಾಯವಾದ ಲೆಕ್ಕವೇ. ಆದರೆ ಯುಎಇಯಲ್ಲಿ ಅದು ಹಾಗೆ ನಡೆಯುವುದಿಲ್ಲ. ಅದು ನಿಜವಾಗಿ ನಡೆಯುವುದು ನನ್ನ ಅಕ್ಕ ಇರುವ ಆಸ್ಟ್ರೇಲಿಯಾದಲ್ಲಿ. ಅಲ್ಲಿ ತೈಲದ ಜಾಗದಲ್ಲಿ ಇರುವುದು ಕಬ್ಬಿಣದ ಅದಿರು.

ನಮ್ಮ ಕುಟುಂಬಕ್ಕೆ ಹೊರಗಿನ ಹಣ ಎರಡು ಕಡೆಯಿಂದ ಬರುತ್ತಿತ್ತು. ಚಿಕ್ಕಪ್ಪ ಅಬುಧಾಬಿಯಲ್ಲಿ ತೈಲಕ್ಷೇತ್ರದ ಕೆಲಸ ಮಾಡುವ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿದ್ದರು. ದೊಡ್ಡಪ್ಪನ ಮಗಳು ಅಕ್ಕ ಪರ್ತ್‌ನಲ್ಲಿ ನರ್ಸ್. ಭಾವ ಗಣಿಯ ಯಂತ್ರಗಳ ಮೆಂಟೆನೆನ್ಸ್ ನೋಡಿಕೊಳ್ಳುತ್ತಾರೆ. ಇಬ್ಬರಿಗೂ ಊರಿನಲ್ಲಿ ಮನೆ ಸಾಲ ಇತ್ತು, ಕಂತು ರೂಪಾಯಿಯಲ್ಲಿ. ಹಾಗಾಗಿ ಒಂದೇ ಕಾಲದಲ್ಲಿ ಎರಡು ಹಣ ಹೇಗೆ ನಡೆದುಕೊಂಡವು ಎಂದು ನೋಡಲು ನನಗೆ ಮನೆಯಲ್ಲೇ ಸಿಕ್ಕಿತು.

2011ರ ಜುಲೈ ತೆಗೆದುಕೊಳ್ಳಿ. ಚೀನಾಕ್ಕೆ ತಲುಪುವ ಒಂದು ಟನ್ ಅದಿರಿಗೆ ಸುಮಾರು 170 ಅಮೆರಿಕನ್ ಡಾಲರ್ ಇತ್ತು. ಆ ತಿಂಗಳ ಕೊನೆಗೆ ಒಂದು ಆಸ್ಟ್ರೇಲಿಯನ್ ಡಾಲರ್ ಕೊಟ್ಟರೆ 1.10 ಅಮೆರಿಕನ್ ಡಾಲರ್ ಸಿಗುತ್ತಿತ್ತು. ಅಮೆರಿಕನ್ ಡಾಲರ್ ಆಗ ಸುಮಾರು 44 ರೂಪಾಯಿ. ಅಂದರೆ ಅಕ್ಕನ ಒಂದು ಡಾಲರಿಗೆ 48 ರೂಪಾಯಿಯ ಆಸುಪಾಸು, ಚಿಕ್ಕಪ್ಪನ ಒಂದು ದಿರ್ಹಮಿಗೆ 12 ರೂಪಾಯಿ.

ಈಗ ನೇರ 2016ರ ಜನವರಿಗೆ ಬನ್ನಿ. ಚೀನಾದ ಉಕ್ಕಿನ ಹಸಿವು ಇಳಿದಿತ್ತು, ಹೊಸ ಗಣಿಗಳಿಂದ ಅದಿರು ತುಂಬಿ ತುಳುಕುತ್ತಿತ್ತು. ಟನ್ನಿಗೆ ಸುಮಾರು 40 ಡಾಲರ್. ಆಸ್ಟ್ರೇಲಿಯನ್ ಡಾಲರ್ 0.69ಕ್ಕೆ ಇಳಿದಿತ್ತು. ಅದೇ ತಿಂಗಳು ಕಚ್ಚಾ ತೈಲವೂ ಬ್ಯಾರಲ್‌ಗೆ 30 ಡಾಲರಿಗಿಂತ ಕೆಳಗೆ ಬಿದ್ದಿತ್ತು. 2011ರಲ್ಲಿ ಅದು 110 ದಾಟಿತ್ತು. ಅಂದರೆ ಅಕ್ಕನ ದೇಶದ ಸರಕೂ ಬಿತ್ತು, ಚಿಕ್ಕಪ್ಪನ ದೇಶದ ಸರಕೂ ಬಿತ್ತು. ರೂಪಾಯಿಯೂ ಈ ಮಧ್ಯೆ ಸೊರಗಿ, ಅಮೆರಿಕನ್ ಡಾಲರಿಗೆ 67 ದಾಟಿತ್ತು.

ಕಂತಿನ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 30,000 ರೂಪಾಯಿ ಎಂದುಕೊಳ್ಳಿ. ಚಿಕ್ಕಪ್ಪ 2011ರಲ್ಲಿ ಅದಕ್ಕೆ 2,500 ದಿರ್ಹಮ್ ಕಳಿಸಬೇಕಿತ್ತು, 2016ರಲ್ಲಿ ಸುಮಾರು 1,630 ಸಾಕಾಯಿತು. ಅಕ್ಕ 2011ರಲ್ಲಿ ಸುಮಾರು 620 ಡಾಲರ್ ಕಳಿಸಬೇಕಿತ್ತು, 2016ರಲ್ಲಿ ಸುಮಾರು 645. ರೂಪಾಯಿ ಅಷ್ಟು ಇಳಿದರೂ ಅಕ್ಕನಿಗೆ ಒಂದು ಪೈಸೆ ಲಾಭವಾಗಲಿಲ್ಲ. ರೂಪಾಯಿ ಇಳಿದದ್ದನ್ನೆಲ್ಲ ಅದಿರು ನುಂಗಿ ಹಾಕಿತ್ತು.

ಇದು ಯಾಕೆ ಹೀಗೆ? ಪಿಲ್ಬಾರಾದಲ್ಲಿ ತೆಗೆದ ಅದಿರು ಪೋರ್ಟ್ ಹೆಡ್‌ಲ್ಯಾಂಡ್‌ನಲ್ಲಿ ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ. ಕಂಪನಿಗೆ ಸಿಗುವುದು ಅಮೆರಿಕನ್ ಡಾಲರ್. ಆದರೆ ಕಾರ್ಮಿಕರ ಸಂಬಳ, ಸರ್ಕಾರದ ತೆರಿಗೆ, ರಾಯಲ್ಟಿ ಇವನ್ನೆಲ್ಲ ಅಲ್ಲಿನ ಹಣದಲ್ಲೇ ಕೊಡಬೇಕು. ಹಾಗಾಗಿ ಅಮೆರಿಕನ್ ಡಾಲರ್ ಮಾರಿ ಆಸ್ಟ್ರೇಲಿಯನ್ ಡಾಲರ್ ಕೊಳ್ಳುತ್ತಾರೆ. ಅದಿರಿನ ಬೆಲೆ ಏರಿದರೆ ಈ ಕೊಳ್ಳುವಿಕೆಯೂ ಏರುತ್ತದೆ. ಜೊತೆಗೆ ಹೊಸ ಗಣಿ, ರೈಲು, ಬಂದರು ಕಟ್ಟಲು ಹೊರಗಿನ ಬಂಡವಾಳ ಬರುತ್ತದೆ. ಕೆಲಸ ಹೆಚ್ಚಿ ಬೆಲೆ ಏರುವ ಭಯಕ್ಕೆ ಅಲ್ಲಿನ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸುತ್ತದೆ. ಬಡ್ಡಿಯ ಆಸೆಗೆ ಇನ್ನಷ್ಟು ಹಣ ಬರುತ್ತದೆ. 2011ರ ಜುಲೈಯಲ್ಲಿ ಅಲ್ಲಿ ಬಡ್ಡಿ 4.75 ಶೇಕಡಾ, 2016ರ ಆರಂಭದಲ್ಲಿ 2 ಶೇಕಡಾ. ಮಾರುಕಟ್ಟೆಯವರು ಹಡಗು ಹೊರಡುವ ತನಕ ಕಾಯುವುದೂ ಇಲ್ಲ. ಅದಿರಿನ ಬೆಲೆ ಕಂಡ ಕೂಡಲೇ ಕರೆನ್ಸಿ ಕೊಳ್ಳಲು, ಮಾರಲು ಶುರು ಮಾಡುತ್ತಾರೆ.

ಯುಎಇಯಲ್ಲಿ ಈ ದಾರಿಗೇ ಬೀಗ. ಒಂದು ಅಮೆರಿಕನ್ ಡಾಲರಿಗೆ 3.6725 ದಿರ್ಹಮ್ ಎಂದು 1997ರಿಂದ ಕಟ್ಟಿ ಹಾಕಿದ್ದಾರೆ. ತೈಲ 110 ಇದ್ದಾಗಲೂ ಅಷ್ಟೇ, 30 ಆದಾಗಲೂ ಅಷ್ಟೇ. ಹಾಗಿದ್ದರೆ ಊರಿನವರು ಕಾಣುವ ಏರಿಕೆ ಯಾವುದು? ಅದು ರೂಪಾಯಿಯ ಇಳಿಕೆ. ಭಾರತ ತೈಲ ಕೊಳ್ಳುವ ದೇಶ. ಪಣಂಬೂರಿಗೆ ಎಂಆರ್‌ಪಿಎಲ್‌ಗೆಂದು ಬರುವ ಪ್ರತಿ ಕಚ್ಚಾ ತೈಲದ ಹಡಗಿಗೂ ಡಾಲರ್ ಕೊಡಬೇಕು. ತೈಲ ದುಬಾರಿಯಾದರೆ ಡಾಲರ್ ಹೆಚ್ಚು ಬೇಕು, ರೂಪಾಯಿಯ ಮೇಲೆ ಒತ್ತಡ ಬೀಳುತ್ತದೆ. ದಿರ್ಹಮ್ ನಿಂತಲ್ಲೇ ನಿಂತಿರುತ್ತದೆ, ನಾವು ಇಳಿಯುತ್ತೇವೆ, ಅಷ್ಟೇ. ಹಾಗೆಂದು ರೂಪಾಯಿಗೆ ತೈಲವೊಂದೇ ಯಜಮಾನನೂ ಅಲ್ಲ. 2014ರಿಂದ 2016ರವರೆಗೆ ತೈಲ ಕುಸಿದರೂ ರೂಪಾಯಿ ಇಳಿಯಿತು, ಯಾಕೆಂದರೆ ಆಗ ಜಗತ್ತಿನಾದ್ಯಂತ ಅಮೆರಿಕನ್ ಡಾಲರ್ ಬಲವಾಗುತ್ತಿತ್ತು.

ಕಟ್ಟಿ ಹಾಕಿದ ಹಣ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಚಿಕ್ಕಪ್ಪನ ಕಥೆ ಕೇಳಿ. ದಿರ್ಹಮ್ 18 ರೂಪಾಯಿ ದಾಟಿದ ಅದೇ 2016ರಲ್ಲಿ ಅವರ ಕಂಪನಿ ಜನ ಕಡಿಮೆ ಮಾಡಿತು. ನಾನು ಆಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. “ರೇಟ್ ಚೆನ್ನಾಗಿ ಉಂಟು ಮಗಾ, ಕಳಿಸಲಿಕ್ಕೆ ಸಂಬಳವೇ ಇಲ್ಲ” ಎಂದು ಅವರು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಎರಡು ತಿಂಗಳಲ್ಲಿ ಊರಿಗೆ ಬಂದರು. ತೈಲ ಬಿದ್ದಾಗ ಪೆಟ್ಟು ಎಲ್ಲಾದರೂ ಬೀಳಲೇಬೇಕು. ವಿನಿಮಯ ದರ ಅಲುಗಾಡುವುದಿಲ್ಲ ಎಂದರೆ ಅದು ಕಾಂಟ್ರಾಕ್ಟ್ ಮೇಲೆ, ಕೆಲಸದ ಮೇಲೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಪೆಟ್ಟಿನ ಒಂದು ಪಾಲನ್ನು ಕರೆನ್ಸಿಯೇ ತಿಂದಿತು. ಡಾಲರ್ ಅಗ್ಗವಾದ್ದರಿಂದ ಅಲ್ಲಿನ ಕಂಪನಿಗಳ ಖರ್ಚು ಅಮೆರಿಕನ್ ಡಾಲರ್ ಲೆಕ್ಕದಲ್ಲಿ ಇಳಿಯಿತು. ಗಣಿಗಳಲ್ಲಿ ಅಲ್ಲೂ ಕೆಲಸ ಹೋದವು, ಆದರೆ ಭಾವನ ಕೆಲಸ ಉಳಿಯಿತು. ಸಂಬಳ ಬಂತು, ಊರಿಗೆ ತಲುಪುವಾಗ ಸಣ್ಣದಾಯಿತು.

ಹಾಗೆಂದು ಅದಿರಿನ ಬೆಲೆ ನೋಡಿ ರೇಟ್ ಹೇಳಿಬಿಡಬಹುದು ಎಂದುಕೊಳ್ಳಬೇಡಿ. 2021ರ ಮೇ ತಿಂಗಳಲ್ಲಿ ಅದಿರು ಟನ್ನಿಗೆ 200 ಡಾಲರ್ ದಾಟಿತು, 2011ಕ್ಕಿಂತ ಹೆಚ್ಚು. ಆಸ್ಟ್ರೇಲಿಯನ್ ಡಾಲರ್ ಮಾತ್ರ 0.78ರ ಹತ್ತಿರವೇ ನಿಂತಿತು. ಈ ಸಲ ಬೆಲೆ ಏರಿತ್ತು, ಹಿಂದಿನ ಹಾಗೆ ಹೊಸ ಗಣಿಗಳಿಗೆ ಬಂಡವಾಳ ಹರಿದು ಬರಲಿಲ್ಲ. ಬಡ್ಡಿಯೂ ಕೇವಲ 0.10 ಶೇಕಡಾ. ಮೇಲೆ ಹೇಳಿದ ಸರಪಳಿಯ ಎರಡು ಕೊಂಡಿ ಕಳಚಿದ್ದವು.

ಅಕ್ಕ ಈಗಲೂ “ಇವತ್ತು ಕಳಿಸಲಾ, ಕಾಯಲಾ?” ಎಂದು ಕೇಳುತ್ತಾಳೆ. ನಾನು ಫೋನಿನಲ್ಲಿ ಮೊದಲು ರೇಟನ್ನು ಎರಡು ತುಂಡು ಮಾಡುತ್ತೇನೆ:

```
AUD/INR = AUD/USD × USD/INR
```

ಬದಲಾದದ್ದು ಮೊದಲ ತುಂಡಾದರೆ ಅದಿರು, ಚೀನಾ, ಅಲ್ಲಿನ ಬಡ್ಡಿ ಕಡೆ ನೋಡಬೇಕು. ಎರಡನೆಯದಾದರೆ ಕಾರಣ ಇಲ್ಲೇ ರೂಪಾಯಿಯಲ್ಲೋ ಅಮೆರಿಕದಲ್ಲೋ ಉಂಟು. ಇದರಿಂದ ನಾಳೆಯ ರೇಟ್ ಗೊತ್ತಾಗುವುದಿಲ್ಲ, ನಮ್ಮ ಅಪಾಯ ಎಲ್ಲಿದೆ ಎಂದು ಗೊತ್ತಾಗುತ್ತದೆ. ಅಕ್ಕನ ಮನೆಯ ಅಪಾಯ ಒಂದೇ ಕಲ್ಲಿನ ಮೇಲೆ ಕೂತಿದೆ. ಅದಿರು ಬಿದ್ದರೆ ಭಾವನ ಓವರ್‌ಟೈಮ್ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಉಳಿತಾಯದ ಡಾಲರ್ ಕೂಡ ಇಳಿಯುತ್ತದೆ. ಹಾಗಾಗಿ ಕಳೆದ ವರ್ಷ ಅವರು ಆರು ತಿಂಗಳ ಕಂತಿನಷ್ಟು ಹಣವನ್ನು ರೂಪಾಯಿ ಮಾಡಿ ಎನ್‌ಆರ್‌ಇ ಖಾತೆಯಲ್ಲಿ ಇಟ್ಟರು. ಆಮೇಲೆ ಡಾಲರ್ ಸ್ವಲ್ಪ ಏರಿದಾಗ ಭಾವ “ಕಾಯಬಹುದಿತ್ತು” ಎಂದರು. ಅಕ್ಕ ಹೇಳಿದಳು, “ಏರಿದಾಗ ನಿಮ್ಮ ಸಂಬಳ ಉಂಟಲ್ಲ. ಅದು ಇಳಿದಾಗ ಬೇಕಾಗುವ ದುಡ್ಡು.”