ಚಿತ್ರದೊಳಗಿನ ಬಂಗುಡೆ

ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿರುವ ನಾವು ನಾಲ್ಕು ಕರಾವಳಿ ಮನೆಗಳವರು ಶನಿವಾರದ ಮೀನನ್ನು ಈಗ ಚಿತ್ರ ನೋಡಿಯೇ ಕೊಳ್ಳುತ್ತೇವೆ. ಬೆಳಿಗ್ಗೆ ಏಳರ ಸುಮಾರಿಗೆ ಪರಿಚಯದ ಮಲಯಾಳಿ ವ್ಯಾಪಾರಿ ವಾಟ್ಸಾಪಿನಲ್ಲಿ ತಟ್ಟೆಗಳ ಚಿತ್ರ ಕಳಿಸುತ್ತಾನೆ. ನಾವು ಒಪ್ಪಿದರೆ ಹತ್ತರೊಳಗೆ ಮೀನು ಬಾಗಿಲಿಗೆ ಬರುತ್ತದೆ. ಕಡಲು ಇಲ್ಲಿಂದ ನೂರಾರು ಮೈಲಿ ದೂರ. ಮೀನು ಎಷ್ಟು ದಿನ ಮಂಜುಗಡ್ಡೆಯಲ್ಲಿ ಮಲಗಿತ್ತೆಂದು ಕೇಳಿದರೆ ಉತ್ತರ ಯಾವಾಗಲೂ ‘ಇವತ್ತಿನದೇ’ ಎಂದಿರುತ್ತದೆ. ಆದ್ದರಿಂದ ಕೇಳುವುದನ್ನು ಬಿಟ್ಟು ನೋಡುವುದನ್ನು ಕಲಿಯಬೇಕಾಯಿತು.

ಮೀನಿನ ಮೂರು ಅಂಗಗಳು ಅದರ ವಯಸ್ಸನ್ನು ಹೇಳುತ್ತವೆ: ಕಣ್ಣು, ಕಿವಿರು, ಚರ್ಮ. ತಾಜಾ ಮೀನಿನ ಕಣ್ಣು ಹೊರಗೆ ಉಬ್ಬಿರುತ್ತದೆ, ಪಾಪೆ ಕಪ್ಪಗೆ ಹೊಳೆಯುತ್ತದೆ. ದಿನ ಕಳೆದಂತೆ ಕಣ್ಣು ಮಟ್ಟಸವಾಗಿ, ಆಮೇಲೆ ಗುಳಿಬೀಳುತ್ತದೆ. ಮೇಲಿನ ಪೊರೆ ಹಾಲಿನಂತೆ ಮಸುಕಾಗುತ್ತದೆ. ಕಿವಿರಿನ ಕೆಂಪು ರಕ್ತದ ಕೆಂಪು. ರಕ್ತದ ವರ್ಣದ್ರವ್ಯ ಗಾಳಿಗೆ ಸಿಕ್ಕಿ ಬದಲಾಗುತ್ತಿದ್ದಂತೆ ಅದು ಇಟ್ಟಿಗೆ ಬಣ್ಣಕ್ಕೆ, ಅಲ್ಲಿಂದ ಕಂದಿಗೆ ಇಳಿಯುತ್ತದೆ. ಚರ್ಮದ ಹೊಳಪು ಬಣ್ಣದಿಂದ ಬಂದುದಲ್ಲ, ಚರ್ಮದೊಳಗಿನ ಸೂಕ್ಷ್ಮ ಹರಳುಗಳು ಬೆಳಕನ್ನು ಪ್ರತಿಫಲಿಸುವುದರಿಂದ ಬಂದುದು. ಮೇಲಿನ ಲೋಳೆ ತಿಳಿಯಾಗಿರುವವರೆಗೆ ಅದು ಕಾಣುತ್ತದೆ. ಬ್ಯಾಕ್ಟೀರಿಯಾ ಬೆಳೆದು ಲೋಳೆ ಬೆಳ್ಳಗಾದಾಗ ಮಾಯವಾಗುತ್ತದೆ.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಈ ನೋಟವನ್ನು ಅಂಕಗಳಿಗೆ ಇಳಿಸುವ ವಿಧಾನವೊಂದು ರೂಪುಗೊಂಡಿತು. ಅಲ್ಲಿ ಅಂಕಗಳು ದೋಷಕ್ಕೆ. ನಿರ್ದೋಷಕ್ಕೆ ಸೊನ್ನೆ, ದೋಷ ಹೆಚ್ಚಿದಂತೆ ಒಂದು, ಎರಡು, ಮೂರು. ಕೊನೆಗೆ ಎಲ್ಲವನ್ನೂ ಕೂಡಿಸುವುದು. ಒಂದೇ ಲಕ್ಷಣವನ್ನು ನಂಬಿ ತೀರ್ಪು ಕೊಡುವ ಅವಸರವನ್ನು ಅದು ತಡೆಯುತ್ತದೆ. ನಾವು ಅದನ್ನು ನಮ್ಮ ಅಡುಗೆಮನೆಯ ಮಟ್ಟಕ್ಕೆ ಸರಳಗೊಳಿಸಿಕೊಂಡಿದ್ದೇವೆ: ಮೂರು ಅಂಗ, ತಲಾ ಮೂರು ಅಂಕ, ಒಟ್ಟು ಒಂಬತ್ತು. ಮೊತ್ತ ನಾಲ್ಕು ದಾಟಿದರೆ ಬೇಡ.

ಆದರೆ ಚಿತ್ರವೆಂಬುದು ಮೀನಲ್ಲ. ಕಳೆದ ಜುಲೈ ತಿಂಗಳ ಒಂದು ಶನಿವಾರ ಇದು ಸ್ಪಷ್ಟವಾಯಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿದಿರುತ್ತದೆ. ಹಾಗಾಗಿ ಆ ದಿನಗಳಲ್ಲಿ ‘ಮಂಗಳೂರು ಬಂಗುಡೆ’ ಎಂದು ಬರುವುದು ಬಹುಮಟ್ಟಿಗೆ ಬೇರೆ ಕಡಲಿನದು, ಇಲ್ಲವೇ ಶೀತಲಗೃಹದ್ದು. ಅಂದು ಎರಡು ತಟ್ಟೆಗಳ ಚಿತ್ರ ಬಂತು. ಮೊದಲನೆಯದರಲ್ಲಿ ಬಂಗುಡೆಗಳು ಥಳಥಳಿಸುತ್ತಿದ್ದವು, ಕಿವಿರು ದಾಳಿಂಬೆ ಹೂವಿನಂತಿತ್ತು. ಎರಡನೆಯದರಲ್ಲಿ ಅವು ಮಂಜುಗಡ್ಡೆಯ ಚೂರಿನಲ್ಲಿ ಹುದುಗಿ ಕಳಾಹೀನವಾಗಿ ಮಲಗಿದ್ದವು. ಗುಂಪಿನಲ್ಲಿ ಮೂರು ಮನೆಗಳವರು ಮೊದಲ ತಟ್ಟೆಗೆ ಒಪ್ಪಿಗೆ ಬರೆದೇಬಿಟ್ಟರು.

ತಡೆದವರು ಅಮ್ಮ. ಮಲ್ಪೆಯ ಬಂದರಿನಲ್ಲಿ ನಲವತ್ತು ವರ್ಷ ಮೀನು ಆರಿಸಿದ ಅವರು ಈಗ ಮಂಡಿನೋವಿನಿಂದ ಮನೆಯಲ್ಲೇ ಇರುತ್ತಾರೆ. ಕನ್ನಡಕ ಏರಿಸಿ ನೋಡಿ ಕೇಳಿದರು: “ಐಸು ಯಾಕೆ ಹಳದಿ ಉಂಟು?”

ಆ ಪ್ರಶ್ನೆಯಲ್ಲೇ ಎಲ್ಲವೂ ಇತ್ತು. ಮಂಜುಗಡ್ಡೆ ಬೆಳ್ಳಗಿರಬೇಕು. ಚಿತ್ರದಲ್ಲಿ ಅದು ಹಳದಿಯಾಗಿಯೋ ಗುಲಾಬಿಯಾಗಿಯೋ ಕಂಡರೆ ಬೆಳಕಿಗೆ ಬಣ್ಣವಿದೆ. ಮೇಲೆ ಬೆಚ್ಚನೆಯ ಬಲ್ಬೋ ಕೆಂಪು ಟಾರ್ಪಾಲೋ ಇದೆ. ಆ ಬೆಳಕಿನಲ್ಲಿ ಕಂದು ಕಿವಿರೂ ಕೆಂಪಾಗಿ ತೋರುತ್ತದೆ. ಆದ್ದರಿಂದ ಮೀನಿಗೆ ಮೊದಲು ನೋಡಬೇಕಾದದ್ದು ಮಂಜುಗಡ್ಡೆ. ಮಂಜುಗಡ್ಡೆ ಚಿತ್ರದಲ್ಲಿಲ್ಲದಿದ್ದರೆ ಒಂದು ಬಿಳಿ ಕಾಗದವನ್ನು ಪಕ್ಕದಲ್ಲಿಟ್ಟು ತೆಗೆಯಲು ಹೇಳಬೇಕು.

ನಾವು ವ್ಯಾಪಾರಿಯನ್ನು ಮತ್ತೆ ಕೇಳಿಕೊಂಡೆವು: ಅಂಗಡಿಯ ಹೊರಗೆ, ಹಗಲು ಬೆಳಕಿನಲ್ಲಿ, ಎರಡೂ ತಟ್ಟೆಯಿಂದ ಒಂದೊಂದು ಮೀನು. ಕಣ್ಣನ್ನು ಮೇಲಿನಿಂದಲ್ಲ, ಮೀನಿನ ಮಟ್ಟಕ್ಕೆ ಫೋನು ಇಳಿಸಿ ಓರೆಯಾಗಿ. ಕಿವಿರಿನ ಮುಚ್ಚಳ ಎತ್ತಿ ಹಿಡಿದು. ಕೊನೆಗೆ ಮೀನನ್ನು ಕೈಯಲ್ಲಿ ನಿಧಾನವಾಗಿ ಹೊರಳಿಸುವ ಹತ್ತು ಸೆಕೆಂಡಿನ ವಿಡಿಯೋ. ಆತ ಗೊಣಗಿದರೂ ಕಳಿಸಿದ.

ಮೇಲಿನಿಂದ ತೆಗೆದ ಚಿತ್ರದಲ್ಲಿ ಕಣ್ಣಿನ ಉಬ್ಬು ತಿಳಿಯುವುದಿಲ್ಲ; ಓರೆ ನೋಟದಲ್ಲಿ ತಿಳಿಯುತ್ತದೆ. ಉಬ್ಬಿದ ಕಣ್ಣಿನ ಮೇಲೆ ಬೆಳಕಿನ ಚುಕ್ಕೆ ಚಿಕ್ಕದಾಗಿ, ಚೂಪಾಗಿ ಬೀಳುತ್ತದೆ. ಮಸುಕಾದ ಕಣ್ಣಿನಲ್ಲಿ ಚುಕ್ಕೆ ಹರಡಿಹೋಗುತ್ತದೆ. ಮೊದಲ ಮೀನಿನ ಕಣ್ಣು ಗುಳಿಬಿದ್ದಿತ್ತು, ಪಾಪೆ ಬೂದಿಯಾಗಿತ್ತು: ಎರಡು. ಹಗಲಿಗೆ ಬಂದ ಕಿವಿರು ಕಂದು, ಎಳೆಗಳ ನಡುವೆ ಬಿಳಿ ಲೋಳೆ: ಎರಡು. ವಿಡಿಯೋದಲ್ಲಿ ಹೊಳಪಿನ ಗುಟ್ಟೂ ಬಯಲಾಯಿತು. ತಾಜಾ ಚರ್ಮದ ಹೊಳಪು ಮೀನು ಹೊರಳಿದಂತೆ ಬಣ್ಣ ಬದಲಿಸುತ್ತದೆ, ಹಸಿರಿನಿಂದ ನೀಲಿಗೆ, ನೀಲಿಯಿಂದ ಹೊನ್ನಿಗೆ. ಚಿಮುಕಿಸಿದ ನೀರಿನ ಹೊಳಪು ಎಲ್ಲ ಕೋನದಲ್ಲೂ ಬರಿಯ ಬಿಳಿ ಮಿಂಚು. ಈ ಮೀನಿನದು ನೀರಿನ ಹೊಳಪು: ಎರಡು. ಒಟ್ಟು ಆರು.

ಎರಡನೆಯ ಮೀನಿನ ಒಂದು ಕಣ್ಣು ಮಸುಕಾಗಿತ್ತು. ಹೊರಳಿಸಿದಾಗ ಇನ್ನೊಂದು ತಿಳಿಯಾಗಿ, ಉಬ್ಬಿಯೇ ಇತ್ತು. ಮಂಜುಗಡ್ಡೆಗೆ ನೇರವಾಗಿ ತಾಗಿದ ಕಣ್ಣು ತಾಜಾ ಮೀನಿನಲ್ಲೂ ಮಸುಕಾಗಬಹುದು. ಆದ್ದರಿಂದ ಎರಡೂ ಕಣ್ಣು ನೋಡದೆ ದೂರಬಾರದು. ಅಂಕ ಒಂದು. ಕಿವಿರು ಸ್ವಲ್ಪ ಪೇಲವ, ಆದರೆ ಕೆಂಪೇ. ಕರಗಿದ ನೀರು ಕಿವಿರನ್ನು ತೊಳೆದಾಗಲೂ ಬಣ್ಣ ಇಳಿಯುತ್ತದೆ. ಪೇಲವವಾಗುವುದು ಬೇರೆ, ಕಂದುಗಟ್ಟುವುದು ಬೇರೆ. ಅಂಕ ಒಂದು. ಬೆನ್ನಿನ ಕೆಳಗೆ ಉದ್ದಕ್ಕೆ ಸಾಗುವ ಗೆರೆಗಳಲ್ಲಿ ಇನ್ನೂ ಹೊನ್ನಿನ ಛಾಯೆಯಿತ್ತು. ಬಂಗುಡೆಯಲ್ಲಿ ಆ ಹೊನ್ನು ತಾಜಾತನದ ಗುರುತು. ದಿನ ಕಳೆದಂತೆ ಗೆರೆ ಕಪ್ಪಾಗಿ ಉಳಿಯುತ್ತದೆ. ಅಂಕ ಸೊನ್ನೆ. ಒಟ್ಟು ಎರಡು. ಕಳಾಹೀನವೆಂದು ನಾವು ದಾಟಿಹೋಗಲಿದ್ದ ತಟ್ಟೆಯೇ ನಮ್ಮದಾಯಿತು.

ಇಷ್ಟು ನೋಡಿದ ಮೇಲೂ ಅಮ್ಮ ಬಾಗಿಲಲ್ಲಿ ಮೀನನ್ನು ಕೈಗೆತ್ತಿಕೊಳ್ಳದೆ ಹಣ ಕೊಡಲು ಬಿಡಲಿಲ್ಲ. ಅದಕ್ಕೆ ಕಾರಣವಿದೆ. ಬಂಗುಡೆಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳ. ಮೀನು ಕೆಲವು ಗಂಟೆ ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತದೆ. ಮತ್ತೆ ಮಂಜುಗಡ್ಡೆಯಲ್ಲಿಟ್ಟರೆ ಅದು ಹೋಗುವುದಿಲ್ಲ; ಗಸಿ ಎಷ್ಟು ಕುದಿದರೂ ನಾಶವಾಗುವುದಿಲ್ಲ. ನಮ್ಮ ನಾಲ್ಕು ಮನೆಗಳಲ್ಲೊಂದರ ಹುಡುಗನಿಗೆ ಹಿಂದೊಮ್ಮೆ ಊಟವಾಗಿ ಅರ್ಧ ಗಂಟೆಯಲ್ಲಿ ಮುಖ ಕೆಂಪೇರಿ, ಮೈಯೆಲ್ಲ ತುರಿಕೆ, ತಲೆನೋವು. ಮೀನಿನ ಅಲರ್ಜಿಯೆಂದೇ ಮನೆಯವರು ತಿಳಿದಿದ್ದರು. ಅಂದಿನ ಬಂಗುಡೆಯ ಹಿಸ್ಟಮಿನ್ ಇರಬಹುದೆಂದು ವೈದ್ಯರು ಹೇಳಿದರು. ಕಣ್ಣೂ ಕಿವಿರೂ ಚೆನ್ನಾಗಿದ್ದ ಮೀನಿನಲ್ಲೂ ಹಿಸ್ಟಮಿನ್ ಇರಬಹುದು. ಅದನ್ನು ಕಣ್ಣು ಕಾಣದು, ಮೂಗೂ ಖಂಡಿತವಾಗಿ ಹೇಳದು.

ಆದ್ದರಿಂದ ಚಿತ್ರಕ್ಕೆ ನಾವು ಕೊಟ್ಟಿರುವ ಅಧಿಕಾರ ಒಂದೇ: ತಿರಸ್ಕರಿಸುವುದು. ಗುಳಿಬಿದ್ದ ಕಣ್ಣು, ಕಂದು ಕಿವಿರು, ಸತ್ತ ಹೊಳಪು ಚಿತ್ರದಲ್ಲಿ ಕಂಡರೆ ಬೇರೆ ಸಾಕ್ಷಿ ಬೇಡ. ಚಿತ್ರ ಚೆನ್ನಾಗಿದ್ದರೆ ಮೀನು ಬಾಗಿಲವರೆಗೆ ಬರಲು ಅರ್ಹ, ಅಷ್ಟೆ. ಬಂದ ಮೇಲೆ ಬೆರಳಿಂದ ಒತ್ತಿದ ಗುಳಿ ಮತ್ತೆ ಮೇಲೇಳಬೇಕು, ಕಿವಿರಿನಲ್ಲಿ ಹುಳಿ ವಾಸನೆಯಾಗಲಿ ಅಮೋನಿಯದ ಘಾಟಾಗಲಿ ಇರದೆ ಕಡಲಿನ ವಾಸನೆ ಇರಬೇಕು, ಡಬ್ಬಿಯ ತಳದಲ್ಲಿ ಇನ್ನೂ ಕರಗದ ಮಂಜುಗಡ್ಡೆ ಉಳಿದಿರಬೇಕು. ಕೊನೆಯದನ್ನು ನಾವು ಈಚೆಗೆ ಸೇರಿಸಿಕೊಂಡದ್ದು. ಕಣ್ಣಿಗೆ ಕಾಣದ ಹಿಸ್ಟಮಿನ್ನಿಗೆ ಅಡ್ಡ ನಿಲ್ಲುವುದು ತಂಪು ಒಂದೇ. ಮೀನು ದಾರಿಯಲ್ಲಿ ಬಿಸಿಯಾಗಲಿಲ್ಲವೆಂದು ನಮ್ಮ ಬಾಗಿಲಲ್ಲಿ ಹೇಳಬಲ್ಲ ಸಾಕ್ಷಿ ಆ ಮಂಜುಗಡ್ಡೆ ಮಾತ್ರ.