ತೂಕದ ಮಾತು ಬಿಟ್ಟು

ನಮ್ಮೂರ ಕಡೆ ಕುಶಲೋಪರಿ ಶುರುವಾಗುವುದೇ ಮೈಯಿಂದ. ಹಬ್ಬಕ್ಕೆ ಹೋಗಿ ಬಸ್ ಇಳಿದರೆ ಸಾಕು, "ಏನೋ ಇಷ್ಟು ಸೊರಗಿದ್ದೀಯ, ಅಲ್ಲಿ ಊಟ ಸಿಗಲ್ವಾ?" ಅಂತಲೋ, "ಬೆಂಗಳೂರು ನೀರು ಚೆನ್ನಾಗಿ ಹಿಡಿದಿದೆ ಬಿಡು" ಅಂತಲೋ ಯಾರಾದರೂ ಅಂದೇ ಅನ್ನುತ್ತಾರೆ. ಅದರಲ್ಲಿ ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದರೆ ಹೊಸದಾಗಿ ವ್ಯಾಯಾಮ ಶುರು ಮಾಡಿದವರ ಮುಂದೆ ಈ ಪ್ರೀತಿ ಉಲ್ಟಾ ಹೊಡೆಯುತ್ತೆ.

ನನ್ನ ಹಾಸ್ಟೆಲ್ ದಿನಗಳ ರೂಂಮೇಟ್ ಎರಡು ಸಲ ಜಿಮ್ ಸೇರಿ ಬಿಟ್ಟಿದ್ದ. ಎರಡನೇ ಸಲ ಅವನ ಆಫೀಸಿನವರು ಮೊದಲ ತಿಂಗಳೆಲ್ಲ "ಸೂಪರ್ ಮಗಾ, ಸಣ್ಣಗಾಗಿದ್ದೀಯ" ಅಂದರು. ಮುಂದಿನ ತಿಂಗಳು ಯಾರೂ ಏನೂ ಅನ್ನಲಿಲ್ಲ. ಅಷ್ಟಕ್ಕೇ ಇವನು 'ಮತ್ತೆ ದಪ್ಪ ಆದೆ' ಅಂದುಕೊಂಡು ಜಿಮ್ ಕಡೆ ಹೋಗುವುದನ್ನೇ ನಿಲ್ಲಿಸಿದ. ಈ ವರ್ಷ ಮತ್ತೆ ಶುರು ಮಾಡ್ತೀನಿ, ಜೊತೆಗೆ ಬಾ ಅಂದಾಗ ನಾನು ಮನಸ್ಸಲ್ಲೇ ಒಂದು ನಿಯಮ ಹಾಕಿಕೊಂಡೆ: ಅವನು ಏನು ಮಾಡಿದ ಅನ್ನೋದರ ಬಗ್ಗೆ ಮಾತ್ರ ಮಾತಾಡೋದು, ಹೇಗೆ ಕಾಣ್ತಾನೆ ಅನ್ನೋದರ ಬಗ್ಗೆ ಅಲ್ಲ.

ಹಿಡಿದದ್ದು 'ಕೌಚ್ ಟು 5ಕೆ' ಅನ್ನೋ ಹಳೇ ಕ್ರಮ. ವಾರಕ್ಕೆ 3 ದಿನ, ಒಟ್ಟು 9 ವಾರ. ಮೊದಲ ವಾರ 5 ನಿಮಿಷ ಬಿರುಸಿನ ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ 8 ಸುತ್ತು. ಲೆಕ್ಕ ಹಾಕಿದರೆ ದಿನಕ್ಕೆ ಓಡೋದು ಬರೀ 8 ನಿಮಿಷ. ಆದರೆ ಅಗರ ಕೆರೆಯ ದಾರಿಯಲ್ಲಿ ಅವನಿಗೆ ನಾಲ್ಕನೇ ಸುತ್ತಿಗೇ ಉಸಿರು ಕಟ್ಟಿತು. ಇಂಥ ಹೊತ್ತಲ್ಲಿ "ಆಗುತ್ತೆ ಕಣೋ, ಬಿಡಬೇಡ" ಅಂದರೆ ಉಪಯೋಗವಿಲ್ಲ. ಹೊಸಬರು ಸಾಮಾನ್ಯವಾಗಿ ಸುಸ್ತಾಗೋದು ಜೋರಾಗಿ ಓಡೋದರಿಂದ. ಗುರುತು ಸುಲಭ: ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳೋಕೆ ಆಗದಿದ್ದರೆ ವೇಗ ಜಾಸ್ತಿಯಾಗಿದೆ ಅಂತ. ಹಾಗಾಗಿ ನಾನು ಪಕ್ಕದಲ್ಲಿ ಓಡುತ್ತಾ ಸುಮ್ಮನೆ "ನಿನ್ನೆ ಸ್ಟ್ಯಾಂಡಪ್‌ನಲ್ಲಿ ಏನಾಯ್ತೋ?" ಅಂತ ಕೇಳುತ್ತಿದ್ದೆ. ಮಾತು ತುಂಡಾದರೆ ಇಬ್ಬರೂ ನಿಧಾನ ಮಾಡುತ್ತಿದ್ದೆವು. ಆ ವಾರದ ಮೂರನೇ ದಿನ ಆರನೇ ಸುತ್ತಿನಲ್ಲಿ ಮ್ಯಾನೇಜರನ್ನು ಪೂರ್ತಿ ಬೈದು ಮುಗಿಸಿದ. "ಸೋಮವಾರ ನಾಲ್ಕಕ್ಕೇ ಮಾತು ನಿಂತಿತ್ತು, ಇವತ್ತು ಆರರವರೆಗೂ ಬಂತು" ಅಂದೆ. ಅಷ್ಟೇ ಹೊಗಳಿಕೆ. ಆದರೆ ಅದು ಅವನು ಸಂಪಾದಿಸಿದ್ದು, ನಾಳೆ ಯಾರೂ ಕಿತ್ತುಕೊಳ್ಳೋಕೆ ಆಗದ್ದು.

ತೂಕದ ಹೊಗಳಿಕೆಗೆ ಆ ಗ್ಯಾರಂಟಿ ಇಲ್ಲ ಅಂತ ಮೂರನೇ ವಾರ ಗೊತ್ತಾಯಿತು. "ಇಷ್ಟು ಓಡಿದರೂ ಒಂದು ಕೆಜಿ ಜಾಸ್ತಿ ತೋರಿಸ್ತಿದೆ ಮಾರಾಯ" ಅಂತ ಮೆಸೇಜ್ ಹಾಕಿದ. ಹೊಸ ವ್ಯಾಯಾಮಕ್ಕೆ ಬಿದ್ದ ಸ್ನಾಯುಗಳು ರಿಪೇರಿ ನಡೆಯುವಾಗ ನೀರು ಹಿಡಿದಿಟ್ಟುಕೊಳ್ಳುತ್ತವೆ. ಓಟಕ್ಕೆ ಬೇಕಾದ ಗ್ಲೈಕೋಜನ್ ಕೂಡ ತನ್ನ ಜೊತೆ ಸುಮಾರು ಮೂರು ಪಟ್ಟು ನೀರು ಸೇರಿಸಿಕೊಂಡೇ ಸಂಗ್ರಹವಾಗೋದು. ರಾತ್ರಿ ಉಪ್ಪಿನಕಾಯಿ ಜಾಸ್ತಿ ತಿಂದರೂ ಬೆಳಗ್ಗೆ ಮುಳ್ಳು ಏರುತ್ತೆ. ಇದನ್ನೆಲ್ಲ ಅವನೇ ಕೇಳಿದ್ದಕ್ಕೆ ಹೇಳಿದೆ, "ಅದು ನೀರು ಕಣೋ. ಗುರುವಾರ 6 ಗಂಟೆಗೆ ಗೇಟ್ ಹತ್ರ ಇರ್ತೀನಿ" ಅಂತ ಮುಗಿಸಿದೆ. ಮೂರು ವಾರ ನಾನೂ "ಇಳಿದಿದ್ದೀಯ" ಅಂತ ಹುರಿದುಂಬಿಸಿದ್ದರೆ ಅವತ್ತು ಆ ಒಂದು ಕೆಜಿ ಎಲ್ಲವನ್ನೂ ಅಳಿಸಿಹಾಕುತ್ತಿತ್ತು.

ಒಂದು ಸಲ ಅವನೇ ನೇರವಾಗಿ ಕೇಳಿದ: "ನಿಜ ಹೇಳು, ಸಣ್ಣಗಾಗಿದ್ದೀನಾ?" ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. "ಅದನ್ನ ನಾನು ನೋಡ್ತಾ ಇಲ್ಲ ಕಣೋ. ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತುವಾಗ ನಡುವೆ ನಿಲ್ತಿದ್ದೆ, ಈಗ ನಿಲ್ಲಲ್ಲ. ಅದು ಕಾಣ್ತಿದೆ" ಅಂದೆ. ಅವನಿಗೂ ಅದು ಆಗಲೇ ಹೊಳೆದದ್ದು.

ಹಾಗಂತ ಮೈ ಬಗ್ಗೆ ಬಾಯಿ ಮುಚ್ಚಿಕೊಂಡೇ ಇರಬೇಕು ಅಂತಲ್ಲ. ಎದೆ ನೋವು, ತಲೆ ಸುತ್ತು ಅಂದರೆ ಅಲ್ಲೇ ನಿಲ್ಲಿಸಿ ಡಾಕ್ಟರ್ ಹತ್ರ ಕರೆದುಕೊಂಡು ಹೋಗಬೇಕು. ಮೊಣಕಾಲ ಕೆಳಗೆ ಮೂಳೆಯುದ್ದಕ್ಕೂ ನೋವು ಅಂದರೆ ಕೆಲವು ದಿನ ರಜೆ. ನಡೆಯುವಾಗಲೂ ನೋಯುತ್ತಿದ್ದರೆ ತೋರಿಸಬೇಕು. ನೋವು ಕೇಳೋದು ಕಾಳಜಿ, ಸುತ್ತಳತೆ ಅಳೆಯೋದು ಬೇರೆ.

ಈ ಕ್ರಮದಲ್ಲಿ ಎಲ್ಲರೂ ಹೆದರೋದು ಐದನೇ ವಾರದ ಮೂರನೇ ದಿನಕ್ಕೆ. ಹಿಂದಿನ ಸಲ 8 ನಿಮಿಷದ ಎರಡು ಓಟ, ನಡುವೆ 5 ನಿಮಿಷ ನಡಿಗೆ ಇರುತ್ತೆ. ಅವತ್ತು ಇದ್ದಕ್ಕಿದ್ದಂತೆ 20 ನಿಮಿಷ, ನಡುವೆ ನಡಿಗೆಯೇ ಇಲ್ಲ. ಶನಿವಾರ ಬೆಳಗ್ಗೆ ಅವನು ಅದನ್ನು ಮುಗಿಸಿದ, ಪಕ್ಕದ ಅಜ್ಜಂದಿರ ನಡಿಗೆಗಿಂತ ತುಸು ಜೋರಾಗಿ. ಸೊಂಟಕ್ಕೆ ಕೈ ಕೊಟ್ಟು ನಿಂತವನಿಗೆ ಫೋನಿನ ಟೈಮರ್ ತೋರಿಸಿ "ಮೊದಲ ವಾರ ಒಂದೇ ಸಲಕ್ಕೆ 1 ನಿಮಿಷ, ಇವತ್ತು 20" ಅಂದೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ, "ಸೋಮವಾರ 6ಕ್ಕಾ, 5:45ಕ್ಕಾ?" ಅಂದ.